ಬಾಗಿಲಿರುವ ಒಂದೇ ಖೋಲಿ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ. ಸಿಂದಗಿಯ ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಮಗ, ಸೊಸೆ ಮತ್ತು ಇಬ್ಬರು ಹೆಣ್ಣು ಮೊಮ್ಮಕ್ಕಳು. ದೊಡ್ಡವಳು ಆಗಷ್ಟೇ ತಂಗಡಗಿಯ ಗಂಡನ ಮನೆಯಿಂದ ಕಾರಿನಲ್ಲಿ ಬಂದು ಇಳಿದಿದ್ದಳು. ಹಿಂದಿನ ದಿನ ಅಲ್ಲಿ ಅವಳ ಕುಬಸ ಮುಗಿದಿತ್ತು. ಏಳು ತಿಂಗಳು ತುಂಬಿದ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ತವರಿಗೆ ಕಳಿಸಿಕೊಟ್ಟಿದ್ದರು. ಕೈತುಂಬ ಹಸಿರು ಬಳೆ. ಕಾಲು ಮಾತ್ರ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

ಇದನ್ನು ಹೀಗೆ ಶುರುಮಾಡುವುದು ನನ್ನ ಅಭ್ಯಾಸ. ಇಂಡಿ, ಮುದ್ದೇಬಿಹಾಳ, ಕೊನೆಗೆ ಸಿಂದಗಿ, ಹೀಗೆ ಸರ್ಕಾರಿ ಆಸ್ಪತ್ರೆಗಳಲ್ಲೇ ಸ್ಟಾಫ್ ನರ್ಸ್ ಆಗಿ ನನ್ನ ನೌಕರಿ ಕಳೆಯಿತು. ಡ್ಯೂಟಿ ಬದಲಾಗುವಾಗ ಮುಂದಿನವಳಿಗೆ ವರದಿ ಕೊಡಬೇಕು: ಯಾವ ದಿನ, ಎಷ್ಟು ಹೊತ್ತು, ಯಾರಿದ್ದರು, ಏನಾಯಿತು, ಏನು ಉಳಿದಿದೆ. ನಮ್ಮ ತರಬೇತಿಯ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಅದರಿಂದ ನನಗೆ ಕೆಡುಕೇನೂ ಆಗಲಿಲ್ಲ. ನಿವೃತ್ತಳಾದ ಮೇಲೂ ಮನೆಯಲ್ಲಿ ಅದೇ ಕ್ರಮ ಇಟ್ಟುಕೊಂಡಿದ್ದೇನೆ. ಸೊಸೆ ಒಳಗೊಳಗೆ ನಗುತ್ತಾಳೆ, ಆದರೆ ಪಾಲಿಸುತ್ತಾಳೆ.

ಆ ಕ್ರಮವನ್ನೇ ನಂಬಿ ಸಣ್ಣವಳನ್ನು ಜೂನ್‌ನಲ್ಲಿ ಮನೆಯಲ್ಲಿ ಉಳಿಸಿಕೊಂಡೆವು. ಪಿಯುಸಿ ಮುಗಿಸಿದ ವರ್ಷವೇ ಅವಳು ನೀಟ್ ಬರೆದಳು, ಅಂಕ ಸರ್ಕಾರಿ ಸೀಟಿಗೆ ಸಾಲಲಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆ ಎಂದಳು. ಎಲ್ಲಿ ಓದುವುದು ಎಂಬುದಕ್ಕೆ ಮನೆಯಲ್ಲಿ ಎರಡು ಪಕ್ಷವಾಯಿತು. ಮಗ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾನೆ. ಅಂಗಡಿಗೆ ಬರುವ ಮೋರಟಗಿಯ ರೈತರೊಬ್ಬರ ಮಗಳು ಹೈದರಾಬಾದಿನಲ್ಲಿ ಲಾಂಗ್ ಟರ್ಮ್ ಬ್ಯಾಚಿಗೆ, ಅಂದರೆ ಎರಡನೇ ಸಲ ಬರೆಯುವವರಿಗಾಗಿ ನಡೆಸುವ ವರ್ಷಪೂರ್ತಿ ತರಗತಿಗೆ, ಸೇರಿದ್ದಳು. ಮಗನ ಮನಸ್ಸು ಅಲ್ಲಿತ್ತು. ಸಣ್ಣವಳಿಗೆ ಮನೆಯೇ ಬೇಕಾಗಿತ್ತು. ನಾನು ಅವಳ ಕಡೆ ನಿಂತೆ. ಮನೆಯ ಊಟ, ಮನೆಯ ನಿದ್ದೆ, ಕಾವಲಿಗೆ ನಾನು. ಪಾಠಗಳು ಮೊಬೈಲಿನಲ್ಲೇ ಸಿಗುತ್ತವೆ, ಟೆಸ್ಟ್ ಪೇಪರು ಅಂಚೆಯಲ್ಲಿ ಬರುತ್ತವೆ. ಇನ್ನೇನು ಬೇಕು ಎಂದುಕೊಂಡೆವು.

ಬೇಕಾದದ್ದು ಒಂದು ಬಾಗಿಲು, ಅದೂ ಇತ್ತು. ನಮ್ಮದು ಹಳೆಯ ಊರಮನೆ. ಹೊರಗೆ ಪಡಸಾಲೆ, ಅದರಲ್ಲೇ ಟಿವಿ, ಬಂದವರು ಹೋದವರು, ಅಂಗಡಿಯಲ್ಲಿ ಹಿಡಿಸದ ಬೀಜದ ಚೀಲ. ಒಳಗೆ ಅಡುಗೆಮನೆ, ದೇವರ ಜಗಲಿ. ಮೇಲೆ ತಗಡಿನ ಶೆಡ್ಡು, ಫೆಬ್ರುವರಿ ದಾಟಿದರೆ ಅಲ್ಲಿ ಬೆಕ್ಕೂ ಮಲಗುವುದಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದದ್ದು ಹಿತ್ತಲ ಕಡೆಯ ಒಂದೇ ಖೋಲಿ. ಅದನ್ನು ಅವಳಿಗೆ ಬಿಟ್ಟುಕೊಟ್ಟೆವು. ಬೆಳಗಿನ ಜಾವ ಎದ್ದು ಗಟ್ಟಿಯಾಗಿ ಓದಿಕೊಳ್ಳುವಳು. ಜೀವಶಾಸ್ತ್ರ ಅವಳಿಗೆ ಬಾಯಿಬಿಟ್ಟು ಓದದಿದ್ದರೆ ತಲೆಗೆ ಹೋಗುವುದಿಲ್ಲ. ಪರೀಕ್ಷೆಯ ಅರ್ಧ ಪ್ರಶ್ನೆ ಜೀವಶಾಸ್ತ್ರದ್ದೇ, ಮೇಲಾಗಿ ಪ್ರಶ್ನೆ ಕೇಳಲು ನನಗೂ ಬರುತ್ತದೆ. ಹಾಗಾಗಿ ಅದನ್ನು ಮೊದಲು ಮುಗಿಸಿ, ಭೌತಶಾಸ್ತ್ರದ ಗಟ್ಟಿ ಭಾಗ ಚಳಿಗಾಲಕ್ಕೆ ಇಟ್ಟುಕೊಳ್ಳುವುದೆಂದು ನಾವಿಬ್ಬರೂ ಕೂತು ವೇಳಾಪಟ್ಟಿ ಮಾಡಿದ್ದೆವು. ಭಾನುವಾರ ಮಧ್ಯಾಹ್ನ ಎರಡರಿಂದ ಐದು ಟೆಸ್ಟು. ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ. ಊರೆಲ್ಲ ಉಂಡು ಮಲಗುವ ಹೊತ್ತಿನಲ್ಲಿ ಅವಳು ಉತ್ತರದ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಗುಂಡು ಖಾನೆ ತುಂಬುವಳು, ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂಡುವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಬಿಡುವುದನ್ನೂ ಕಲಿಯಬೇಕು. ಅದನ್ನೂ ಕಲಿಯುತ್ತಿದ್ದಳು. ದಸರೆಯ ಹೊತ್ತಿಗೆ ಅಂಕ ಚೆನ್ನಾಗಿ ಮೇಲೆ ಬಂದಿತ್ತು. ಮಗ ಕೂಡ ಹೈದರಾಬಾದಿನ ಹೆಸರು ಎತ್ತುವುದನ್ನು ಬಿಟ್ಟಿದ್ದ.

ಆ ಭಾನುವಾರ ದೊಡ್ಡವಳನ್ನು ಪಡಸಾಲೆಯಲ್ಲಿ ಕೂಡಿಸಿ, ಆರತಿ ಆದ ಮೇಲೆ, ನಾನು ಬಿಪಿ ಯಂತ್ರ ತಂದೆ.

"ಬಂದ ಕೂಡಲೇ ಆಸ್ಪತ್ರಿ ಮಾಡ್ಬ್ಯಾಡ ಆಯಿ," ಅಂದಳು. "ಒಂದ್ ಕಪ್ ಚಾ ಕುಡೀಲಿ, ಆಮ್ಯಾಲೆ ನಿನ್ನ ಪೇಶಂಟ್ ಆಗ್ತೇನಿ."

"ಚಾ ಆಮ್ಯಾಲೆ. ಕೈ ಚಾಚು."

ಮುದ್ದೇಬಿಹಾಳದ ಡಾಕ್ಟರು ಆಗಲೇ ಮಾತ್ರೆ ಶುರು ಮಾಡಿದ್ದರು. ರಕ್ತದೊತ್ತಡ ಏರಿದೆ, ವಿಶ್ರಾಂತಿ ಬೇಕು, ವಾರವಾರ ತೋರಿಸಬೇಕು ಎಂದು ಬರೆದುಕೊಟ್ಟಿದ್ದರು. ನಾನು ನೋಡಿದಾಗ ನೂರಾ ಐವತ್ತೆರಡು, ತೊಂಬತ್ತಾರು. ಪ್ರಯಾಣದ ದಣಿವಿರಬಹುದೆಂದು ಸುಮ್ಮನೆ ಕೂಡಿಸಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದೆ. ಇಳಿಯಲಿಲ್ಲ. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತದಾ ಎಂದು ಕೇಳಿದೆ. ಇಲ್ಲ ಎಂದಳು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು.

ಇಂಥ ಬಸುರಿಗೆ ಗದ್ದಲವಿಲ್ಲದ, ಬೆಳಕು ಕಡಿಮೆ ಇರುವ ಜಾಗ ಬೇಕು, ಮಲಗಿದವಳು ಮಲಗಿರಬೇಕು. ಜನವರಿ ಕೊನೆಗೆ ಹೆರಿಗೆ. ಆ ಮೇಲೆ ಬಾಣಂತನ, ಏಪ್ರಿಲ್ ತನಕ. ಪರೀಕ್ಷೆ ಮೇ ತಿಂಗಳ ಮೊದಲಲ್ಲಿ. ಚೊಚ್ಚಲ ಬಾಣಂತನ ತವರಿನದು. ಅದನ್ನು ಬೇಡ ಅಂದ ಮನೆ ನಮ್ಮ ಕಡೆ ನಾನು ಕಂಡಿಲ್ಲ. ಆಕೆ ಬರುತ್ತಾಳೆಂದು ಜೂನ್‌ನಲ್ಲಿ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ, ಹಗಲು ಆಕೆ ಪಡಸಾಲೆಯಲ್ಲಿರುತ್ತಾಳೆ, ರಾತ್ರಿಯಷ್ಟೇ ಖೋಲಿ, ಹೆರಿಗೆಯ ತನಕ ಹೇಗೋ ನಡೆಯುತ್ತದೆ ಎಂದು ಅಂದುಕೊಂಡಿದ್ದೆವು. ಬಿಪಿ ಯಂತ್ರ ಹಾಗೆ ಹೇಳಲಿಲ್ಲ.

ಸಣ್ಣವಳೇ ಅಕ್ಕನ ಕೈ ಹಿಡಿದು ಖೋಲಿಗೆ ಕರೆದುಕೊಂಡು ಹೋದಳು. ಮಂಚದ ಮೇಲಿನ ಪುಸ್ತಕ ಎತ್ತಿ ಮೇಜಿನ ಮೇಲೆ ಪೇರಿಸಿದಳು.

"ನೀ ಓದ್ಕೋತ ಇರು ತಂಗಿ," ದೊಡ್ಡವಳು ಅಂದಳು. "ನಿನ್ನ ಗುಂಯ್‌ಗುಡೋದ್ ಕೇಳ್ಕೋತ ಮಲಗ್ತೇನಿ. ಹೊಟ್ಟಿಯಾಗಿಂದೂ ಕಲೀಲಿ. ಹುಟ್ಟೂದ್ರಾಗ ಡಾಕ್ಟರ್ ಆಗ್ತೈತಿ."

"ಅದಕ್ಕ ಮೊದಲ ಸೀಟ್ ಸಿಕ್ರ ನನಗ ಭಾಳ ಅವಮಾನ ಆಗ್ತೈತಿ ಅಕ್ಕ."

ಇಬ್ಬರೂ ನಕ್ಕರು. ನಾನು ಎಡಮಗ್ಗುಲಿಗೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು ಹೊರಗೆ ಬಂದೆ. ಹೀಗೇ ನಡೆದರೂ ನಡೆಯಬಹುದು ಎಂದು ಅನಿಸಿತು.

ಎರಡು ಗಂಟೆಗೆ ಟೆಸ್ಟು ಶುರುವಾಯಿತು. ಅಕ್ಕ ಮಂಚದ ಮೇಲೆ, ತಂಗಿ ಮೇಜಿನ ಮುಂದೆ, ನಾನು ಬಾಗಿಲ ಹೊರಗೆ. ಕಿಟಕಿಗೆ ಅರಿವೆ ಕಟ್ಟಿದ್ದರಿಂದ ಬೆಳಕು ಸಾಲದೆ ತಂಗಿ ಮೇಜಿನ ದೀಪ ಹಚ್ಚಿದಳು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಲು ಹೋಗಿ ಬಲಮಗ್ಗುಲಾದಳು. ನಾನು ಒಳಗೆ ಹೋಗಿ ಎಡಕ್ಕೆ ತಿರುಗಿಸಿದೆ. ದೀಪ ನೇರ ಅವಳ ಕಣ್ಣಿಗೆ ಹೊಡೆಯಿತು. ಸಣ್ಣವಳು ದೀಪಕ್ಕೆ ಪುಸ್ತಕ ಅಡ್ಡ ಇಟ್ಟಳು, ಉತ್ತರದ ಹಾಳೆ ಕತ್ತಲಾಯಿತು.

ಮೂರು ಗಂಟೆಗೆ ಓಣಿಯ ಹೆಂಗಸರು ಬಂದರು. ಮಗಳು ತವರಿಗೆ ಬಂದರೆ ನೋಡಲು ಬರುವುದು ರೀತಿ. ಬರಬೇಡಿ ಎಂದರೆ ಮನೆಗೆ ಕೆಟ್ಟ ಹೆಸರು. ಎದುರುಮನೆಯವರು ಎಲ್ಲರಿಗಿಂತ ಮುಂದೆ. ಪಕ್ಕದ ಮನೆಯ ಬೂಬಮ್ಮ ಅವರ ಬೆನ್ನಿಗೆ. ಬೂಬಮ್ಮ ಎಂದು ಓಣಿಯೆಲ್ಲ ಕರೆಯುವ ಆಕೆ ನನ್ನ ಜೊತೆ ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಮಾಡಿದವಳು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಮಲಗ್ಯಾಳ್ರಿ. ಬಿಪಿ ಐತಿ. ಆಮ್ಯಾಲೆ ಬರ್ರಿ."

"ನರ್ಸಬಾಯಿ, ನಾವೇನ್ ಅಕಿನ್ನ ಕುಣಿಸಾಕ ಬಂದೇವೇನ್ರಿ?" ಎದುರುಮನೆಯವರು ಅಂದರು. "ಮಾರಿ ನೋಡಿ ಹೋಗ್ತೇವಿ."

ಒಳಗಿನಿಂದ ದೊಡ್ಡವಳೇ "ಬರ್ಲಿ ಬಿಡು ಆಯಿ" ಅಂದಳು. ಬಂದವರ ಮುಂದೆ ಮಲಗಿರುವುದು ಹೇಗೆಂದು ಎದ್ದೂ ಕೂತಳು. ಹೆಂಗಸರು ಮಂಚದ ತುದಿ, ನೆಲ, ಹೊಸ್ತಿಲು ಎಲ್ಲ ತುಂಬಿಕೊಂಡರು. ಬಳೆ ನೋಡಿದರು. ಹೊಟ್ಟೆಯ ಆಕಾರ ನೋಡಿ ಗಂಡು ಅಂದರು ಒಬ್ಬರು, ಹೆಣ್ಣು ಅಂದರು ಇನ್ನೊಬ್ಬರು. ಸಣ್ಣವಳು ತಲೆ ಎತ್ತದೆ ಗುಂಡು ತುಂಬುತ್ತಲೇ ಇದ್ದಳು.

"ಈಕಿದು ಇನ್ನೂ ಪರೀಕ್ಷಾ ಮುಗಿದಿಲ್ಲೇನವ್ವ?" ಎದುರುಮನೆಯವರು ಕೇಳಿದರು. "ಹ್ವಾದ ವರ್ಷನೂ ಬರ್ಯಾಕತ್ತಿದ್ಳು."

"ಅದು ಬ್ಯಾರೆ, ಇದು ಬ್ಯಾರೆ ಬಾಯಿ," ಬೂಬಮ್ಮ ಅಂದಳು. "ಡಾಕ್ಟರ್ ಆಗೂದಂದ್ರ ಸಲೀಸ್ ಐತೇನು? ಸುಮ್ ಕುಂದರ್ರಿ, ಬರೀಲಿ ಹುಡುಗಿ."

"ಬರೀಲಿ, ಬರೀಲಿ. ಮನ್ಯಾಗ ಇರಾಕಿ, ಆಮ್ಯಾಲೂ ಬರೀಬಹುದು. ಏಳವ್ವ, ನಿಮ್ಮವ್ವಗ ಒಂದಿಷ್ಟ್ ಚಾಕ್ಕ ಕೈ ಹಚ್ಚು. ಇಷ್ಟ್ ಮಂದಿ ಬಂದೇವಿ."

ಆ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಮನೆಯಲ್ಲಿರುವ ಹುಡುಗಿ ಎಂದರೆ ಕೈಗೆ ಸಿಗುವ ಹುಡುಗಿ. ಹೈದರಾಬಾದಿಗೆ ಹೋದವಳಿಗೆ ಯಾರೂ ಚಹಾ ಮಾಡು ಅನ್ನುವುದಿಲ್ಲ. ಸಣ್ಣವಳು ನನ್ನ ಕಡೆ ನೋಡಿದಳು. ಕೂಡು ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಅಷ್ಟರಲ್ಲಿ ದೊಡ್ಡವಳು "ನಾ ಮಾಡ್ತೇನಿ" ಎಂದು ಮಂಚದಿಂದ ಕಾಲು ಇಳಿಸಿದಳು. ಸಣ್ಣವಳು ಪೆನ್ನಿಟ್ಟು ಎದ್ದುಬಿಟ್ಟಳು.

ಹೆಂಗಸರು ಹೋಗುವ ಹೊತ್ತಿಗೆ ನಾಲ್ಕೂವರೆ. ಬೂಬಮ್ಮ ಹೋಗುವಾಗ ಖಾಲಿ ಕಪ್ಪುಗಳನ್ನೆಲ್ಲ ತಾನೇ ಎತ್ತಿಟ್ಟು, "ಇದು ನಡ್ಯಾಂಗಿಲ್ಲ ಸಿಸ್ಟರ್. ಒಂದ್ ವಾರ್ಡಿನ್ಯಾಗ ಎರಡ್ ಥರದ್ ಪೇಶಂಟ್ ಇಡಾಕ ಬರ್ತೈತೇನು?" ಅಂದಳು. ಟೆಸ್ಟಿನಲ್ಲಿ ಭೌತಶಾಸ್ತ್ರದ ಅರ್ಧಕ್ಕರ್ಧ ಖಾಲಿ ಉಳಿದಿತ್ತು. ದೊಡ್ಡವಳ ಬಿಪಿ ಬೆಳಗ್ಗಿಗಿಂತ ಮೇಲೆ ಹೋಗಿತ್ತು.

ಐದು ಗಂಟೆಗೆ ಮಗ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದ. ದೊಡ್ಡವಳು ಖೋಲಿಯಲ್ಲಿ ಮಲಗಿದ್ದಳು. ಬೇರೆ ದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆವು. ಬಸ್ ನಿಲ್ದಾಣದ ಹತ್ತಿರ ಓದುವ ಕೋಣೆ ಇದೆ, ಅಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಗಂಡುಹುಡುಗರೇ ತುಂಬಿದ್ದಾರೆ, ಬೆಳಗಿನ ಜಾವ ಹುಡುಗಿಯೊಬ್ಬಳನ್ನು ಕಳಿಸುವುದು ಆಗದು. ಬಸವನ ಬಾಗೇವಾಡಿಯಲ್ಲಿ ಸೊಸೆಯ ತವರಿದೆ, ಅಲ್ಲಿ ಸಾಲೆಗೆ ಹೋಗುವ ಮಕ್ಕಳು, ಖೋಲಿಯೇ ಇಲ್ಲ. ದೊಡ್ಡವಳನ್ನು ತಿರುಗಿ ಗಂಡನ ಮನೆಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ತಗಡಿನ ಶೆಡ್ಡಿನ ಮಾತು ಸೊಸೆ ಎತ್ತಿದಳು.

"ಚಳಿಗಾಲ ಮುಗಿಯೂತನ ಇರ್ತಾಳ್ರಿ ಅತ್ತಿ. ಆಮ್ಯಾಲೆ ಏನರ ಮಾಡೂಣು."

"ಆಮ್ಯಾಲೇನೇ ಪರೀಕ್ಷಾ ಇರೋದು," ಮಗ ಅಂದ. "ಬ್ಯಾಸಿಗ್ಯಾಗ ಅಲ್ಲಿ ಮೆಣಸಿನಕಾಯಿ ಒಣಗಸ್ತೀವಿ ನಾವು."

ಅವನು ಹೈದರಾಬಾದಿನ ಸಂಸ್ಥೆಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮಧ್ಯದಲ್ಲಿ ಇಟ್ಟ. ಕರ್ನಾಟಕದ ಮಕ್ಕಳಿಗೆಂದೇ ಕನ್ನಡ ಬರುವ ಒಬ್ಬಳನ್ನು ಇಟ್ಟಿದ್ದಾರೆ. ಸಮಾಧಾನದ ಹುಡುಗಿ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟಳು. ಸೀಟು ಇದೆಯೇ? ಇದೆ, ಕೆಲವರು ನಡುವೆ ಬಿಟ್ಟು ಹೋಗಿದ್ದಾರೆ, ಹಾಸ್ಟೆಲಿನಲ್ಲಿ ಮಂಚ ಖಾಲಿಯಿದೆ. ಬಂದ ದಿನ ಒಂದು ಪರೀಕ್ಷೆ ಕೊಟ್ಟು ಅದರ ಅಂಕದ ಮೇಲೆ ಸೆಕ್ಷನ್ ಕೊಡುತ್ತಾರೆ. ಆ ಮೇಲೆ ವಾರವಾರದ ಟೆಸ್ಟಿನ ಅಂಕ ನೋಡಿ ಸೆಕ್ಷನ್ ಮೇಲೆ ಕೆಳಗೆ ಆಗುತ್ತದೆ. ಫೋನು ಹಾಸ್ಟೆಲಿನವರೇ ತೆಗೆದಿಟ್ಟುಕೊಳ್ಳುತ್ತಾರೆ, ಭಾನುವಾರ ಮಾತ್ರ ಮನೆಗೆ ಮಾತಾಡಬಹುದು. ನಮ್ಮ ರಾಜ್ಯದ ಕೋಟಾಕ್ಕೆ ತೊಂದರೆಯಾಗುತ್ತದೆಯೇ ಎಂದು ಮಗ ಕೇಳಿದ. ಓದು, ಪಿಯುಸಿ ಎಲ್ಲ ಅಲ್ಲೇ ಮುಗಿದಿದೆಯಲ್ಲ ಸರ್, ಕೋಚಿಂಗ್ ಎಲ್ಲಿ ತಗೊಂಡ್ರೂ ಅದಕ್ಕೆ ಸಂಬಂಧ ಇಲ್ಲ ಎಂದಳು.

ಸಣ್ಣವಳು ಮುಂದೆ ಬಾಗಿ ತಾನೇ ಕೇಳಿದಳು. "ಫಿಸಿಕ್ಸಿನ್ಯಾಗ ಮೆಕ್ಯಾನಿಕ್ಸ್ ಯಾವಾಗ ಮಾಡ್ತಾರ್ರಿ ಮೇಡಂ?"

"ಅದು ಆಗಸ್ಟ್‌ನಲ್ಲೇ ಮುಗಿದಿದೆಮ್ಮ. ಲಾಂಗ್ ಟರ್ಮ್‌ನಲ್ಲಿ ಅದರಿಂದಲೇ ಶುರು ಮಾಡ್ತಾರೆ. ಈಗ ಬಯಾಲಜಿ ಗಟ್ಟಿಯಾಗಿ ನಡೀತಿದೆ."

"ಬಯಾಲಜಿ ನಂದು ಮುಗದೈತ್ರಿ. ಮೆಕ್ಯಾನಿಕ್ಸ್ ಮುಟ್ಟಿಲ್ಲ."

"ಹಾಗಿದ್ರೆ ಫೆಬ್ರುವರಿ ರಿವಿಜನ್ ತನಕ ಅದು ಕ್ಲಾಸಿನಲ್ಲಿ ಬರಲ್ಲ. ರೆಕಾರ್ಡೆಡ್ ಪಾಠ ಕೊಡ್ತೀವಿ, ಸ್ಟಡಿ ಅವರ್ಸ್‌ನಲ್ಲಿ ನೋಡ್ಕೋಬಹುದು. ಡೌಟ್ ಇದ್ರೆ ಸಂಜೆ ಸರ್ ಸಿಗ್ತಾರೆ. ಆದರೆ ವಾರದ ಟೆಸ್ಟ್‌ನಲ್ಲಿ ಅದರ ಪ್ರಶ್ನೆ ಬರ್ತಾನೇ ಇರ್ತವೆ, ಮೊದಮೊದಲು ಸೆಕ್ಷನ್ ಕೆಳಗೇ ಸಿಗಬಹುದು. ಅದಕ್ಕೆ ಬೇಜಾರು ಮಾಡ್ಕೋಬೇಡ."

"ರೆಕಾರ್ಡೆಡ್ ಪಾಠ ಇಲ್ಲೇ ನೋಡಾಕತ್ತಿದ್ದೆ," ಅಂದಳು ಸಣ್ಣವಳು. ಅದು ಫೋನಿಗೆ ಹೇಳಿದ್ದಲ್ಲ.

ನಾಳೆಯೇ ಬರುವುದಾದರೆ ಮಂಚ ಹಿಡಿದಿಡುತ್ತೇನೆ, ತಡವಾದರೆ ಹೇಳಲಾರೆ ಎಂದು ಆಕೆ ಫೋನಿಟ್ಟಳು. ಮಗ ನನ್ನ ಮುಖ ನೋಡಿದ. ಸೊಸೆ ನೋಡಿದಳು. ಈ ಮನೆಯಲ್ಲಿ ಕೊನೆಯ ಮಾತು ನನ್ನದು, ಅದಕ್ಕೆ ಕಾಯುವುದು ಅವರಿಗೆ ರೂಢಿ.

ಆಸ್ಪತ್ರೆಯಲ್ಲಿ ಏನೂ ಮಾಡಲಾಗದ ಹೊತ್ತು ಬಹಳ ಸಲ ಬಂದಿದೆ. ಆದರೆ ಅಲ್ಲಿ ಏನೂ ಮಾಡಲಾಗದಿದ್ದರೂ ಮುಂದಿನ ಕೆಲಸ ಯಾವುದೆಂದು ಗೊತ್ತಿರುತ್ತಿತ್ತು. ಡ್ರಿಪ್ ಬದಲಿಸು, ಡಾಕ್ಟರಿಗೆ ಹೇಳು, ಹಾಸಿಗೆ ಸರಿ ಮಾಡು. ಇಲ್ಲಿ ಒಬ್ಬಳಿಗೆ ಸರಿಯಾದದ್ದು ಇನ್ನೊಬ್ಬಳನ್ನು ಹೊರಗೆ ಹಾಕುತ್ತಿತ್ತು. ಹೊರಗೆ ಹೋದವಳಿಗೆ ಅಲ್ಲಿ ಸಿಗುವುದು ಇಲ್ಲಿ ಇದ್ದದ್ದೇ: ಅದೇ ಪರದೆಯ ಮೇಲಿನ ಪಾಠ, ಅದೇ ಟೆಸ್ಟು, ಜೊತೆಗೆ ತನಗಿಂತ ಮುಂದೆ ಓಡುತ್ತಿರುವ ತರಗತಿ. ಒಂದು ಬಾಗಿಲಿಗೋಸ್ಕರ ಅಷ್ಟು ದೂರ. ಹೋಗು ಎನ್ನಲು ಬಾಯಿ ಬರಲಿಲ್ಲ. ಇರು ಎಂದರೆ ಎಲ್ಲಿ ಎಂದು ಹೇಳಬೇಕಾಗುತ್ತಿತ್ತು.

ಖೋಲಿಯಿಂದ ದೊಡ್ಡವಳ ಅಳು ಕೇಳಿಸಿತು. ಬಾಗಿಲು ತೆರೆದಿತ್ತು, ಎಲ್ಲ ಕೇಳಿಸಿಕೊಂಡಿದ್ದಳು. "ನಾ ತಂಗಡಗಿಗಿ ಹೋಗ್ತೇನಿ ಅಪ್ಪಾ," ಅಂದಳು. "ಕಾರ್ ಕರಸ್ರಿ. ನನ್ನ ಸಲುವಾಗಿ ಅಕಿ ವರ್ಷ ಹಾಳಾಗೂದು ಬ್ಯಾಡ."

ಅಳುವುದು ಅವಳಿಗೆ ಎಷ್ಟು ಕೆಟ್ಟದ್ದೆಂದು ಆ ಹೊತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಏಳುವ ಮೊದಲೇ ಸಣ್ಣವಳು ಎದ್ದು ಒಳಗೆ ಹೋದಳು. ಮಂಚದ ಅಂಚಿಗೆ ಕೂತು ಅಕ್ಕನ ಊದಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಸುಮ್ನ ಮಲಗು. ನೀ ಅತ್ರ ಆಯಿ ಮತ್ತ ಮಶೀನ್ ತರ್ತಾಳ."

"ನೀ ಹೋಗ್ಬ್ಯಾಡ."

"ಹೋಗ್ತೇನಿ. ಅಲ್ಲಿ ಯಾರೂ ಚಾ ಮಾಡು ಅನ್ನಾಂಗಿಲ್ಲ."

ಹೊರಗೆ ಬಂದು ನನ್ನ ಎದುರು ನಿಂತಳು. "ಆಯಿ, ಹೋಗ್ಲಿ?"

ಕೇಳಿದ್ದು ಅಪ್ಪಣೆಯಲ್ಲ. ಅವಳು ನಿರ್ಧಾರ ಮಾಡಿಯಾಗಿತ್ತು. ಆದರೂ ಇದು ಸರಿ ಎಂದು ನಾನು ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದಳು. ಸರಿಯೋ ಅಲ್ಲವೋ ನನಗೆ ಗೊತ್ತಿರಲಿಲ್ಲ. "ಮೆಕ್ಯಾನಿಕ್ಸ್ ದಿನಾ ಮುಂಜಾನಿ ಮೊದಲ ನೋಡು," ಅಂದೆ. "ಆಮ್ಯಾಲೆ ಅವರ ಪಾಠ." ಅದೂ ಗಟ್ಟಿ ಧೈರ್ಯದಿಂದ ಬಂದ ಮಾತಲ್ಲ. ಅಲ್ಲಿ ಮುಂಜಾನೆ ಅವಳ ಕೈಯಲ್ಲಿ ಇರುತ್ತದೋ, ಅವರ ಗಂಟೆಯ ಕೈಯಲ್ಲಿ ಇರುತ್ತದೋ ನನಗೇನು ಗೊತ್ತು? ಅವಳು ಹೂಂ ಅಂದಳು.

ಮಗ ಮರುದಿನ ಮುಂಜಾನೆಯ ಬಸ್ಸಿಗೆ ಕಲಬುರಗಿಯ ಮೇಲೆ ಎರಡು ಟಿಕೇಟು ಮಾಡಿಸಿದ. ಸೊಸೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಲು ಒಲೆ ಹಚ್ಚಿದಳು. ನಾನು ಮತ್ತು ಸಣ್ಣವಳು ಖೋಲಿ ಬದಲಿಸಿದೆವು. ಮೇಜನ್ನು ಸದ್ದಾಗದಂತೆ ಎತ್ತಿ ಪಡಸಾಲೆಯ ಬೀಜದ ಚೀಲಗಳ ಪಕ್ಕ ಇಟ್ಟೆವು. ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು, ಹೃದಯ, ಮೂತ್ರಪಿಂಡ, ಹೂವಿನ ಸೀಳುನೋಟ, ಅವಳೇ ಒಂದೊಂದಾಗಿ ಬಿಡಿಸಿದಳು. ಗೋಡೆಯ ಸುಣ್ಣವೂ ಅವುಗಳ ಜೊತೆ ಕಿತ್ತು ಬಂತು. ನೆಲ ಫಿನಾಯಿಲಿನಿಂದ ಒರೆಸಿದೆ. ಮಂಚವನ್ನು ಕಿಟಕಿಯಿಂದ ದೂರ ಸರಿಸಿ, ಒಗೆದ ಚಾದರ ಹಾಸಿ, ಮೂಲೆಗಳನ್ನು ಮಡಿಸಿ ಒಳಗೆ ಸೇರಿಸಿದೆ. ದೊಡ್ಡವಳಿಗೆ ಅನ್ನ, ಹಾಲು ಉಣ್ಣಿಸಿ ಮಾತ್ರೆ ಕೊಟ್ಟೆ. ಉಪ್ಪಿನಕಾಯಿ ಕೇಳಿದಳು, ಕೊಡಲಿಲ್ಲ. ಮುಂಜಾನೆ ಹೊರರೋಗಿ ವಿಭಾಗ ತೆರೆದ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ತೋರಿಸುವುದೆಂದು ಸೊಸೆಗೆ ಹೇಳಿದೆ.

ಉಳಿದದ್ದು ಸಣ್ಣವಳ ಬಟ್ಟೆ. ಹಾಸ್ಟೆಲಿನಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುತ್ತಾರೆ, ಗುರುತು ಹಾಕಿ ತನ್ನಿ ಎಂದು ಫೋನಿನ ಹುಡುಗಿ ಹೇಳಿದ್ದಳು. ರೂಮಿನ ನಂಬರು ಇನ್ನೂ ಕೊಟ್ಟಿರಲಿಲ್ಲ. ಏನು ಗುರುತು ಹಾಕಲಿ ಎಂದು ಕೇಳಿದೆ. "ಏನರ ಹಾಕು ಆಯಿ, ನನಗ ಗೊತ್ತಾದ್ರ ಸಾಕು," ಎಂದು ಚೀಲದ ಮೇಲೆ ತಲೆಯಿಟ್ಟು ಅಲ್ಲೇ ಕಣ್ಣು ಮುಚ್ಚಿದಳು. ಎಲ್ಲಕ್ಕೂ ಅಂಚಿನ ಒಳಗೆ ಕೆಂಪು ದಾರದ ಎರಡು ಗೆರೆ ಹಾಕಿದೆ. ಚೂಡಿದಾರಗಳು, ರಾತ್ರಿಯ ಅಂಗಿಗಳು, ಹೊದೆಯುವ ಚಾದರ. ಕೊನೆಗೆ ಟವೆಲ್ಲು. ಅದಕ್ಕೂ ಹಾಕಿ, ಗಂಟು ಬಿಗಿದು, ದಾರ ಕಡಿದು, ಮಡಿಸಿ ಚೀಲಕ್ಕೆ ಇಟ್ಟೆ.